ಮಾವನ 40 ಲಕ್ಷ: ಎಸ್‌ಡಬ್ಲ್ಯೂಪಿ ಹಾಕಿದ ಜಾಗದಲ್ಲಿ ಎಸ್‌ಟಿಪಿ ಇರ್ಬೇಕಿತ್ತು

ಹೋದ ವರ್ಷ, ಅಂದ್ರೆ 2025ರ ಮಾರ್ಚ್‌ನಲ್ಲಿ, ತಿಪಟೂರಿಂದ ಸೋದರಮಾವ ಫೋನ್ ಮಾಡಿದ್ರು. "ಏನೋ, ನನ್ನ ದುಡ್ಡು 30 ಲಕ್ಷಕ್ಕೂ ಕೆಳಗೆ ಬಂದಿದ್ಯಲ್ಲೋ, ತಿಂಗಳಾ ತಿಂಗಳಾ ಬಡ್ಡಿ ಅಂತೂ ಸರಿಯಾಗಿ ಬರ್ತಾ ಇದೆ, ಹಾಗಾದ್ರೆ ಅಸಲು ಎಲ್ಲೋಯ್ತು?" ಅಂದ್ರು. ಆ ಬಡ್ಡಿ ಅನ್ನೋ ಮಾತು ಕೇಳಿದ ಕೂಡ್ಲೇ ಅರ್ಧ ಕಥೆ ಗೊತ್ತಾಗೋಯ್ತು ನಂಗೆ. ಇಡೀ ಲೆಕ್ಕನ ಅವರ ಒಪ್ಪಿಗೆ ತಗೊಂಡೇ ಇಲ್ಲಿ ಬರೀತಿದೀನಿ, ಯಾಕಂದ್ರೆ ರಿಟೈರ್ ಆದ ಎಷ್ಟೋ ಜನರ ದುಡ್ಡು ಇದೇ ದಾರೀಲಿ ಹೋಗ್ತಾ ಇದೆ. ಲೆಕ್ಕ ಸುಲಭವಾಗಿ ಅರ್ಥ ಆಗ್ಲಿ ಅಂತ ಅವರ ಮ್ಯೂಚುವಲ್ ಫಂಡ್‌ನ ಎನ್‌ಎವಿಯನ್ನ, ಅಂದ್ರೆ ಒಂದು ಯೂನಿಟ್‌ನ ಬೆಲೆಯನ್ನ, 100ರಿಂದ ಶುರು ಮಾಡಿ ದುಂಡಗೆ ಮಾಡಿದೀನಿ, ಫಂಡ್ ಹೆಸರು, ಬ್ಯಾಂಕ್ ಹೆಸರು ಹಾಕ್ತಿಲ್ಲ.

ಮಾವ ಪ್ರೈವೇಟ್ ಕಂಪನೀಲಿ ಇದ್ದವರು, ಪೆನ್ಷನ್ ಅಂತ ಹೇಳ್ಕೊಳೋ ಹಾಗೇನೂ ಇಲ್ಲ. 2024ರಲ್ಲಿ 60 ತುಂಬ್ತು. ಪಿಎಫ್, ಗ್ರಾಚ್ಯುಟಿ, ಜೊತೆಗೆ ಮಾರಿದ ಒಂದು ಸೈಟು, ಎಲ್ಲಾ ಸೇರಿ 75 ಲಕ್ಷ ಕೈಗೆ ಬಂತು. ಅದ್ರಲ್ಲಿ 30 ಲಕ್ಷ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಸ್ಕೀಮ್‌ಗೆ ಹಾಕಿದ್ರು, ಅದಕ್ಕೆ ಅಷ್ಟೇ ಮಿತಿ. 8.2 ಪರ್ಸೆಂಟ್ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ 61,500 ಬರತ್ತೆ, ತಿಂಗಳಿಗೆ ಹಂಚಿದ್ರೆ 20,500. 5 ಲಕ್ಷ ಎಫ್‌ಡಿ, ಆಸ್ಪತ್ರೆ ಗೀಸ್ಪತ್ರೆ ಖರ್ಚಿಗೆ. ಇಲ್ಲೀವರೆಗೂ ಚೆನ್ನಾಗೇ ಮಾಡಿದಾರೆ.

ಮಿಕ್ಕ 40 ಲಕ್ಷಕ್ಕೆ ಬ್ಯಾಂಕಿನವರೊಬ್ಬರು ಒಂದು ಪ್ಲಾನ್ ಹೇಳಿದ್ರಂತೆ. "ಇಕ್ವಿಟಿ ಫಂಡ್‌ಗೆ, ಅಂದ್ರೆ ಶೇರುಗಳಲ್ಲಿ ಹಾಕೋ ಫಂಡ್‌ಗೆ, ಒಂದೇ ಸಲ ಹಾಕಿ ಸಾರ್, ಆವರೇಜ್ ಆಗಿ ವರ್ಷಕ್ಕೆ 12 ಪರ್ಸೆಂಟ್ ಬೆಳೆಯತ್ತೆ, ನೀವು ಎಸ್‌ಡಬ್ಲ್ಯೂಪಿ ಹಾಕ್ಕೊಂಡು ತಿಂಗಳಿಗೆ 1 ಪರ್ಸೆಂಟ್, ಅಂದ್ರೆ 40,000 ತಗೊಳ್ಳಿ, ಅಸಲು ಹಾಗೇ ಇರತ್ತೆ, ಪೆನ್ಷನ್ ಇದ್ದಂಗೆ." ಕೇಳೋಕೆ ಎಷ್ಟು ಚೆಂದ ಇದೆ ನೋಡಿ, 12 ಬೆಳೆಯತ್ತೆ 12 ತೆಗೀತೀವಿ. ಮಾವ 2024ರ ಸೆಪ್ಟೆಂಬರ್ ಕೊನೇ ವಾರದಲ್ಲಿ 40 ಲಕ್ಷ ಹಾಕ್ಬಿಟ್ರು. ನಿಫ್ಟಿ ಆವತ್ತಿಗೆ ಅದುವರೆಗಿನ ಅತಿ ಎತ್ತರದಲ್ಲಿ, 26,000ದ ಮೇಲಿತ್ತು, ಮುಂದಿನ ಮಾರ್ಚ್ ಮೊದಲ ವಾರಕ್ಕೆ 22,000 ಚಿಲ್ಲರೆಗೆ ಬಂತು. ಮಾವನ ಫಂಡ್‌ನಲ್ಲಿ ಮಿಡ್‌ಕ್ಯಾಪ್, ಅಂದ್ರೆ ಮಧ್ಯಮ ಗಾತ್ರದ ಕಂಪನಿಗಳ ಶೇರು, ಜಾಸ್ತಿ ಇದ್ದಿದ್ರಿಂದ ಅದು ಇನ್ನೂ ಜಾಸ್ತಿ ಬಿತ್ತು.

ಈಗ ಎಸ್‌ಡಬ್ಲ್ಯೂಪಿ ಅಂದ್ರೆ ಏನು ನಡಿಯತ್ತೆ ಅನ್ನೋದು. ಸಿಸ್ಟಮ್ಯಾಟಿಕ್ ವಿತ್‌ಡ್ರಾವಲ್ ಪ್ಲಾನ್. ನೀವು ಹೇಳಿದ ತಾರೀಕಿಗೆ, ನೀವು ಹೇಳಿದಷ್ಟು ರೂಪಾಯಿಗೆ ಆಗೋವಷ್ಟು ಯೂನಿಟ್‌ಗಳನ್ನ ಆವತ್ತಿನ ಎನ್‌ಎವಿಗೆ ಮಾರಿ ದುಡ್ಡನ್ನ ನಿಮ್ಮ ಬ್ಯಾಂಕ್ ಖಾತೆಗೆ ಹಾಕ್ತಾರೆ. ಅಷ್ಟೇ. ಬಡ್ಡಿ ಅಲ್ಲ, ಡಿವಿಡೆಂಡ್ ಅಲ್ಲ, ಫಂಡ್ ಆ ತಿಂಗಳು ಏನಾದ್ರೂ ಗಳಿಸ್ತೋ ಇಲ್ವೋ ಅನ್ನೋದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ. ಫಂಡ್ ಬಿದ್ದಿರ್ಲಿ ಎದ್ದಿರ್ಲಿ 40,000 ಬಂದೇ ಬರತ್ತೆ, ಅದಕ್ಕೇ ಜನಕ್ಕೆ ಬಡ್ಡಿ ಥರ ಕಾಣೋದು.

ಮಾವಂಗೆ ಇದನ್ನ ಕೊಬ್ಬರಿ ಲೆಕ್ಕದಲ್ಲಿ ಹೇಳಿದೆ, ತಿಪಟೂರಿನವರಿಗೆ ಬೇರೆ ಉದಾಹರಣೆ ಯಾಕೆ. "ಮಾವ, ಅಟ್ಟದಲ್ಲಿ ಕೊಬ್ಬರಿ ಇಟ್ಟಿದೀರ ಅಂದ್ಕೊಳಿ, ತಿಂಗಳಿಗೆ ಇಷ್ಟು ದುಡ್ಡು ಬೇಕೇ ಬೇಕು, ರೇಟು ಚೆನ್ನಾಗಿದ್ರೆ ಒಂದು ಚೀಲ ಮಾರಿದ್ರೆ ಸಾಕು, ರೇಟು ಬಿದ್ದಾಗ ಎರಡು ಚೀಲ ಹೋಗತ್ತೆ, ಆಮೇಲೆ ರೇಟು ಮೇಲೆ ಬಂತು ಅಂತ ಮಾರಿದ ಚೀಲ ವಾಪಸ್ ಅಟ್ಟಕ್ಕೆ ಬರತ್ತಾ?" ಮಾವ ಒಂದು ನಿಮಿಷ ಸುಮ್ನಾದ್ರು. ಆಮೇಲೆ "ನಾನು ಯೂನಿಟ್ ಎಷ್ಟಿದೆ ಅಂತ ನೋಡೇ ಇಲ್ಲ ಕಣೋ" ಅಂದ್ರು.

ಸರಿ, ಸ್ಟೇಟ್‌ಮೆಂಟ್ ತರಿಸಿ ನೋಡಿದ್ವಿ. ಹಾಕಿದಾಗ 0.005 ಪರ್ಸೆಂಟ್ ಸ್ಟ್ಯಾಂಪ್ ಡ್ಯೂಟಿ 200 ರೂಪಾಯಿ ಕಳೆದು 39,998 ಯೂನಿಟ್ ಬಂದಿತ್ತು. ಆಮೇಲೆ ಪ್ರತಿ ತಿಂಗಳು 10ನೇ ತಾರೀಕು 40,000. ಅಕ್ಟೋಬರ್‌ನಲ್ಲಿ ಎನ್‌ಎವಿ 96, ಹೋಗಿದ್ದು 417 ಯೂನಿಟ್. ನವೆಂಬರ್‌ನಲ್ಲಿ 92, ಡಿಸೆಂಬರ್‌ನಲ್ಲಿ ಸ್ವಲ್ಪ ಎದ್ದು 94, ಜನವರೀಲಿ 89, ಫೆಬ್ರವರೀಲಿ 84, ಮಾರ್ಚ್‌ನಲ್ಲಿ 80. ಮಾರ್ಚ್ ಕಂತಿಗೆ ಅದೇ 40,000ಕ್ಕೆ 500 ಯೂನಿಟ್ ಮಾರ್ಬೇಕಾಯ್ತು. ಎನ್‌ಎವಿ 100 ಇದ್ದಿದ್ರೆ 400 ಸಾಕಿತ್ತು, ನೂರು ಯೂನಿಟ್ ಹೆಚ್ಚಿಗೆ ಹೋಯ್ತು, ಆ ನೂರು ಇನ್ಯಾವತ್ತೂ ಬರಲ್ಲ. ಆರು ಕಂತಲ್ಲಿ ಒಟ್ಟು 2,703 ಯೂನಿಟ್ ಖಾಲಿ, ಮಿಕ್ಕಿದ್ದು 37,295. ಎನ್‌ಎವಿ 80ರಲ್ಲಿ ಅದರ ಬೆಲೆ 29.84 ಲಕ್ಷ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳ್ಬೇಕು. 40 ಲಕ್ಷ 29.84 ಆಯ್ತಲ್ಲ, ಕಮ್ಮಿಯಾದ ಆ 10 ಲಕ್ಷ ಚಿಲ್ಲರೇಲಿ 2.4 ಲಕ್ಷ ಮಾವಾನೇ ತಗೊಂಡಿದ್ದು, ಮಿಕ್ಕಿದ್ದರಲ್ಲಿ ಹೆಚ್ಚೂಕಮ್ಮಿ ಎಲ್ಲಾ ಮಾರ್ಕೆಟ್ ಬಿದ್ದಿದ್ದು, ಅದು ಎದ್ದಾಗ ವಾಪಸ್ ಬರೋದು. ನಾಳೆನೇ ಎನ್‌ಎವಿ 100ಕ್ಕೆ ಬಂದ್ರೆ 37.3 ಲಕ್ಷ ಆಗತ್ತೆ, ತಗೊಂಡ 2.4 ಸೇರಿಸಿದ್ರೆ 39.7. ಅಂದ್ರೆ ಬಿದ್ದ ರೇಟಿಗೆ ಮಾರಿದ್ರಿಂದ ಶಾಶ್ವತವಾಗಿ ಹೋಗಿದ್ದು ಸುಮಾರು 30,000 ರೂಪಾಯಿ. ಆರು ತಿಂಗಳಿಗೆ ಇದು ಭಾರಿ ಅನ್ನಿಸಲ್ಲ. ಆದ್ರೆ ಇದು ಆರೇ ತಿಂಗಳ ಕಥೆ. 2008ರ ಜನವರೀಲಿ ನಿಫ್ಟಿ 6,300ರ ಹತ್ರ ಇತ್ತು, ಅದೇ ಅಕ್ಟೋಬರ್‌ಗೆ 2,500ರ ಆಸುಪಾಸಿಗೆ ಬಂತು, 2010ರಲ್ಲಿ ಒಂದ್ಸಲ ಮುಟ್ಟಿ ವಾಪಸ್ ಬಿದ್ದು, ಆ ಹಳೇ ಎತ್ತರವನ್ನ ಗಟ್ಟಿಯಾಗಿ ದಾಟಿದ್ದು 2013ರ ಕೊನೇಲಿ. ಅಂಥಾ ಹೊತ್ತಲ್ಲಿ ಮಾರ್ಕೆಟ್ ತಳದಲ್ಲಿರೋ ತಿಂಗಳುಗಳಲ್ಲಿ 500 ಅಲ್ಲ, 900, 1,000 ಯೂನಿಟ್ ಹೋಗತ್ತೆ, ಆಮೇಲೂ ವರ್ಷಗಟ್ಟಲೆ 400ಕ್ಕಿಂತ ಹೆಚ್ಚೇ ಹೋಗ್ತಿರತ್ತೆ.

ಬ್ಯಾಂಕಿನವರ ಲೆಕ್ಕದಲ್ಲಿ ತಪ್ಪಿದ್ದು ಇಲ್ಲೇ. 12 ಪರ್ಸೆಂಟ್ ಆವರೇಜ್ ಅನ್ನೋದು ಹತ್ತು ಹದಿನೈದು ವರ್ಷಕ್ಕೆ ನಿಜಾನೇ ಆಗ್ಬಹುದು, ಆದ್ರೆ ಆ ಆವರೇಜ್ ಸಿಗೋದು ಸುಮ್ನೆ ಇಟ್ಕೊಂಡೋರಿಗೆ, ಮಧ್ಯೆ ಮಧ್ಯೆ ಮಾರ್ತಾ ಇರೋರಿಗಲ್ಲ. ಮಾರೋರಿಗೆ ಯಾವ ವರ್ಷ ಮೊದಲು ಬರತ್ತೆ ಅನ್ನೋದು ಮುಖ್ಯ ಆಗ್ಬಿಡತ್ತೆ. ಕೆಟ್ಟ ವರ್ಷ ಕೊನೇಲಿ ಬಂದ್ರೆ ತಡ್ಕೊಬಹುದು, ರಿಟೈರ್ ಆದ ಮೊದಲನೇ ವರ್ಷಾನೇ ಬಂದ್ರೆ ಬುಡಕ್ಕೇ ಪೆಟ್ಟು. ಮಾವಂಗೆ ಆಗಿದ್ದು ಅದೇ.

ಎಸ್‌ಡಬ್ಲ್ಯೂಪಿ ಹದ ತಪ್ಪಿದೆ ಅಂತ ಕಂಡುಹಿಡಿಯೋದು ಕಷ್ಟ ಅಲ್ಲ. ವರ್ಷಕ್ಕೆ ತೆಗಿಯೋ ಮೊತ್ತನ ಇವತ್ತಿನ ಬೆಲೆಯಿಂದ ಭಾಗಿಸಿ, ಹಾಕಿದ ಬೆಲೆಯಿಂದ ಅಲ್ಲ. ಮಾವ 40 ಲಕ್ಷಕ್ಕೆ 4.8 ಲಕ್ಷ, 12 ಪರ್ಸೆಂಟ್ ಅಂದ್ಕೊಂಡಿದ್ರು, ಮಾರ್ಚ್‌ನಲ್ಲಿ ನೋಡಿದ್ರೆ 29.84ಕ್ಕೆ 4.8, ಅಂದ್ರೆ 16 ಪರ್ಸೆಂಟ್. ಅಲ್ಲಿಂದ ಮುಂದೆ ಫಂಡ್ ಒಂದು ದಿನಾನೂ ಬೀಳದೆ ವರ್ಷಕ್ಕೆ 10 ಪರ್ಸೆಂಟ್ ಬೆಳೆದ್ರೂ ಆ ದುಡ್ಡು ಒಂಬತ್ತೂವರೆ ವರ್ಷಕ್ಕೆ ಸೊನ್ನೆ. ಮಾವಂಗೆ ಆಗ ಎಪ್ಪತ್ತು. ಅತ್ತೆ ಅವರಿಗಿಂತ ಆರು ವರ್ಷ ಚಿಕ್ಕವರು.

ಆಮೇಲೆ ನಾನು ಕೇಳಿದ ಪ್ರಶ್ನೆ, ಅದನ್ನ ಬ್ಯಾಂಕಿನವರು ಮೊದಲೇ ಕೇಳ್ಬೇಕಿತ್ತು, "ಮಾವ, ಮನೆಗೆ ತಿಂಗಳಿಗೆ ಎಷ್ಟು ಬೇಕು?" ಅತ್ತೆ ಪಕ್ಕದಲ್ಲೇ ಇದ್ರು, ಫೋನ್ ಇಸ್ಕೊಂಡು "35 ಸಾವಿರ ಇದ್ರೆ ಧಾರಾಳ ಆಯ್ತು, ಸ್ವಂತ ಮನೆ, ಇಬ್ರೇ ಇರೋದು" ಅಂದ್ರು. ಪೋಸ್ಟ್ ಆಫೀಸಿಂದ 20,500 ಬರ್ತಿದೆ. ಕೊರತೆ 14,500. ಹದಿನೈದು ಸಾವಿರ ಬೇಕಾದ ಕಡೆ ನಲವತ್ತು ಸಾವಿರದ ಯೂನಿಟ್ ಮಾರ್ತಾ ಇದ್ರು, ಮಿಕ್ಕ 25,000 ಪ್ರತಿ ತಿಂಗಳು ಎಸ್‌ಬಿ ಖಾತೇಲಿ ಸುಮ್ನೆ ಬಿದ್ದಿತ್ತು, ಆರು ತಿಂಗಳಿಗೆ ಒಂದೂವರೆ ಲಕ್ಷ. ಬಿದ್ದ ಮಾರ್ಕೆಟ್‌ನಲ್ಲಿ ಯೂನಿಟ್ ಮಾರಿ ಎಸ್‌ಬಿ ಖಾತೇಲಿಟ್ಟಂಗಾಯ್ತು. ಈ 40,000 ಅನ್ನೋ ಅಂಕಿ ಅವರ ಅಗತ್ಯದಿಂದ ಬಂದಿದ್ದಲ್ಲ, 1 ಪರ್ಸೆಂಟ್ ಅನ್ನೋ ದುಂಡಗಿನ ಅಂಕಿಯಿಂದ ಬಂದಿದ್ದು, ಇದು ನಂಗೆ ನಿಜವಾಗ್ಲೂ ಹೊಟ್ಟೆ ಉರಿಸಿದ ವಿಷಯ.

ಹಾಗಾದ್ರೆ ಸೆಪ್ಟೆಂಬರ್‌ನಲ್ಲಿ ಏನು ಮಾಡ್ಬೇಕಿತ್ತು? ಇಲ್ಲಿ ಎಸ್‌ಟಿಪಿ ಬರೋದು. ಸಿಸ್ಟಮ್ಯಾಟಿಕ್ ಟ್ರಾನ್ಸ್‌ಫರ್ ಪ್ಲಾನ್. ಎಸ್‌ಡಬ್ಲ್ಯೂಪಿ ಫಂಡ್‌ನಿಂದ ಬ್ಯಾಂಕಿಗೆ, ಎಸ್‌ಟಿಪಿ ಒಂದು ಫಂಡ್‌ನಿಂದ ಇನ್ನೊಂದು ಫಂಡ್‌ಗೆ, ಎರಡೂ ಒಂದೇ ಫಂಡ್ ಹೌಸ್‌ನವು ಆಗಿರ್ಬೇಕು. ಒಂದು ಕಡೆ ಯೂನಿಟ್ ಮಾರಿ ಇನ್ನೊಂದು ಕಡೆ ಕೊಳ್ತಾರೆ, ದುಡ್ಡು ನಿಮ್ಮ ಕೈಗೆ ಬರಲ್ಲ. ದೊಡ್ಡ ಮೊತ್ತ ಒಟ್ಟಿಗೆ ಬಂದಾಗ ಅದನ್ನ ಲಿಕ್ವಿಡ್ ಫಂಡ್‌ನಲ್ಲಿ, ಅಂದ್ರೆ ಕಮ್ಮಿ ಅವಧಿಯ ಸಾಲಪತ್ರಗಳಲ್ಲಿ ದುಡ್ಡು ಹಾಕೋ ಫಂಡ್‌ನಲ್ಲಿ, ಇಟ್ಟು ತಿಂಗಳಿಗಿಷ್ಟು ಅಂತ ಇಕ್ವಿಟಿಗೆ ಬಿಡೋದು ಇದರ ಒಂದು ಕೆಲಸ. ಇನ್ನೊಂದು ಕೆಲಸ ಇದರ ಉಲ್ಟಾ, ಅದಕ್ಕೆ ಆಮೇಲೆ ಬರ್ತೀನಿ.

ಮಾವ 40 ಲಕ್ಷನೂ ಲಿಕ್ವಿಡ್ ಫಂಡ್‌ಗೆ ಹಾಕಿ, ಏಳೆಂಟು ವರ್ಷ ಮುಟ್ಟೋ ಅಗತ್ಯ ಇಲ್ಲದ 24 ಲಕ್ಷನ ಮಾತ್ರ ತಿಂಗಳಿಗೆ 1 ಲಕ್ಷದ ಹಾಗೆ ಎಸ್‌ಟಿಪಿ ಬಿಟ್ಟಿದ್ರೆ ಏನಾಗ್ತಿತ್ತು ಅಂತ ಅದೇ ಎನ್‌ಎವಿ ಹಿಡಿದು ಲೆಕ್ಕ ಹಾಕಿದೆ. ಆರು ಕಂತಲ್ಲಿ 6 ಲಕ್ಷಕ್ಕೆ 6,756 ಯೂನಿಟ್ ಬರ್ತಿತ್ತು, ಸರಾಸರಿ 88.80ಕ್ಕೆ. 80ರಲ್ಲಿ ಅದರ ಬೆಲೆ 5.40 ಲಕ್ಷ, ಅಂದ್ರೆ 60 ಸಾವಿರದಷ್ಟು ಲುಕ್ಸಾನು. ಲಿಕ್ವಿಡ್‌ನಲ್ಲೇ ಉಳಿದ 34 ಲಕ್ಷ ಆಗ ವರ್ಷಕ್ಕೆ 7 ಪರ್ಸೆಂಟ್ ಆಸುಪಾಸಲ್ಲಿ ಬೆಳೀತಿತ್ತು, ಆರು ತಿಂಗಳಿಗೆ ಅದೇ 1 ಲಕ್ಷ ದಾಟತ್ತೆ. ಮನೆ ಖರ್ಚಿನ 15,000ನ ಅದೇ ಲಿಕ್ವಿಡ್ ಫಂಡ್‌ನಿಂದ ಎಸ್‌ಡಬ್ಲ್ಯೂಪಿ ತಗೊಂಡಿದ್ರೆ ಮಾರ್ಕೆಟ್ ಬಿದ್ದಿದ್ದಕ್ಕೆ ಒಂದು ಯೂನಿಟ್ಟೂ ಹೆಚ್ಚಿಗೆ ಹೋಗ್ತಿರ್ಲಿಲ್ಲ, ಯಾಕಂದ್ರೆ ಲಿಕ್ವಿಡ್ ಫಂಡ್‌ನ ಎನ್‌ಎವಿ ಆ ಥರ ಕುಸಿಯಲ್ಲ.

ಆದ್ರೆ ಎಸ್‌ಟಿಪಿ ಲಾಭ ಹೆಚ್ಚಿಸೋ ಯಂತ್ರ ಅಂತ ಯಾರೂ ತಿಳ್ಕೊಬೇಡಿ. ಅದೇ ಆರು ತಿಂಗಳು ಮಾರ್ಕೆಟ್ 20 ಪರ್ಸೆಂಟ್ ಏರಿದ್ರೆ ಒಟ್ಟಿಗೆ ಹಾಕಿದೋರು ಗೆಲ್ತಿದ್ರು, ಎಸ್‌ಟಿಪಿಯವರು ಪ್ರತಿ ತಿಂಗಳು ದುಬಾರಿಗೆ ಕೊಳ್ತಾ ಹೋಗ್ತಿದ್ರು. ಎಸ್‌ಟಿಪಿಯಿಂದ ಸಿಗೋದು ಒಂದೇ, ಇಡೀ ಜೀವಮಾನದ ದುಡ್ಡು ಒಂದೇ ದಿನದ ರೇಟಿಗೆ ಸಿಕ್ಕಿಹಾಕ್ಕೊಳ್ಳಲ್ಲ. ಮೂವತ್ತು ವರ್ಷದ ಹುಡುಗಂಗೆ ಅದು ಅಷ್ಟು ಮುಖ್ಯ ಅಲ್ದೆ ಇರ್ಬಹುದು, ಮತ್ತೆ ದುಡೀತಾನೆ. ಅರವತ್ತರವರಿಗೆ ಮುಖ್ಯ.

ಮಾರ್ಚ್‌ನಲ್ಲಿ ನಾವೇನು ಮಾಡಿದ್ವಿ ಅಂದ್ರೆ, ಮೊದಲು ಎಸ್‌ಡಬ್ಲ್ಯೂಪಿ ನಿಲ್ಸಿದ್ವಿ. ಏಪ್ರಿಲ್ 10ರ ಕಂತು ಹೋಗೋಕ್ಕಿಂತ ಮುಂಚೆ ಕ್ಯಾನ್ಸಲ್ ರಿಕ್ವೆಸ್ಟ್ ಹಾಕಿ, ಕ್ಯಾನ್ಸಲ್ ಆಯ್ತು ಅಂತ ಮೆಸೇಜ್ ಬರೋವರೆಗೂ ಕಾದ್ವಿ, ಕಂತಿನ ಹಿಂದಿನ ದಿನ ಹಾಕಿದ್ರೆ ಆ ಕಂತು ಹೋಗ್ಬಿಡೋ ಸಾಧ್ಯತೆ ಇದೆ. ಮಾವಂಗೆ ಎಲ್ಲಾ ಮಾರಿ ಎಫ್‌ಡಿ ಹಾಕ್ಬಿಡೋಣ ಅಂತ ಮನಸ್ಸಿತ್ತು. ನಾನು ಬೇಡ ಅಂದೆ. ಕಾರಣ ಏನಂದ್ರೆ ಅವರಿಗೆ ಆಗ ಮಾರೋ ಅಗತ್ಯಾನೇ ಇರ್ಲಿಲ್ಲ, ಎಸ್‌ಬಿ ಖಾತೇಲಿ ಬಿದ್ದಿದ್ದ ಒಂದೂವರೆ ಲಕ್ಷ ಹತ್ತು ತಿಂಗಳ ಕೊರತೆಗೆ ಸಾಕು. ಮೇಲಾಗಿ ಹಾಕಿ ಇನ್ನೂ ವರ್ಷ ಆಗಿಲ್ಲ. ಅವರ ಫಂಡ್‌ನಲ್ಲಿ ಮೊದಲ ವರ್ಷ 10 ಪರ್ಸೆಂಟ್ ಯೂನಿಟ್, ಅಂದ್ರೆ 4,000ದವರೆಗೆ ಮಾತ್ರ ಎಕ್ಸಿಟ್ ಲೋಡ್, ಅಂದ್ರೆ ಬೇಗ ಮಾರಿದ್ದಕ್ಕೆ ಹಿಡಿಯೋ ಶುಲ್ಕ, ಇಲ್ಲ, ಅದರ ಮೇಲೆ 1 ಪರ್ಸೆಂಟ್ ಹಿಡ್ಕೋತಾರೆ. ನೋಡಿ ಇಲ್ಲೂ ಯೂನಿಟ್ ಲೆಕ್ಕಾನೇ, 2,703 ಆಗ್ಲೇ ಹೋಗಿತ್ತು, ಅದೇ ಎಸ್‌ಡಬ್ಲ್ಯೂಪಿ ಮುಂದುವರೆಸಿದ್ರೆ ಮೂರನೇ ಕಂತಿಗೆ ಆ ಮಿತಿ ದಾಟಿ ಲೋಡ್ ಬೀಳೋಕೆ ಶುರು ಆಗ್ತಿತ್ತು.

ಟ್ಯಾಕ್ಸ್ ವಿಷಯ. ಎಸ್‌ಡಬ್ಲ್ಯೂಪಿ ಇರ್ಲಿ ಎಸ್‌ಟಿಪಿ ಇರ್ಲಿ, ಒಂದೊಂದು ಕಂತೂ ಒಂದು ಮಾರಾಟ, ಮೊದಲು ಕೊಂಡ ಯೂನಿಟ್ ಮೊದಲು ಹೋಗತ್ತೆ. ಟ್ಯಾಕ್ಸ್ ಬೀಳೋದು ಇಡೀ ಕಂತಿನ ಮೇಲಲ್ಲ, ಅದರೊಳಗಿನ ಲಾಭದ ಮೇಲೆ ಮಾತ್ರ. ಇಕ್ವಿಟಿ ಫಂಡ್ ಆದ್ರೆ ವರ್ಷದೊಳಗೆ ಮಾರಿದ ಲಾಭಕ್ಕೆ 20 ಪರ್ಸೆಂಟ್, ವರ್ಷ ದಾಟಿದ್ರೆ 12.5, ಅದೂ ಒಂದು ಹಣಕಾಸು ವರ್ಷದಲ್ಲಿ ಲಾಭ 1.25 ಲಕ್ಷ ಮೀರಿದ ಭಾಗಕ್ಕೆ. 2024ರ ಜುಲೈ 23ರಿಂದ ಈ ದರ. ಲಿಕ್ವಿಡ್ ಥರದ ಡೆಟ್ ಫಂಡ್‌ಗಳನ್ನ 2023ರ ಏಪ್ರಿಲ್ 1ರಿಂದೀಚೆ ಕೊಂಡಿದ್ರೆ ಎಷ್ಟೇ ವರ್ಷ ಇಟ್ರೂ ಲಾಭ ನಿಮ್ಮ ಸ್ಲ್ಯಾಬ್‌ಗೆ ಸೇರತ್ತೆ. ದುಡ್ಡು ಕೈಗೇ ಬಂದಿಲ್ವಲ್ಲ, ಎಸ್‌ಟಿಪಿಗೆ ಟ್ಯಾಕ್ಸ್ ಯಾಕೆ ಅಂತ ತುಂಬಾ ಜನ ಕೇಳ್ತಾರೆ, ಮಾರಾಟ ಮಾರಾಟಾನೇ. ಮಾವಂಗೆ ಆರೂ ಕಂತಲ್ಲಿ ಲಾಭ ಇಲ್ಲ, 30,000 ಶಾರ್ಟ್ ಟರ್ಮ್ ನಷ್ಟ. ಅದನ್ನ ಗಡುವಿನೊಳಗೆ ಐಟಿಆರ್-2 ಹಾಕಿ ತೋರ್ಸಿದ್ವಿ, ಇನ್ನು ಎಂಟು ವರ್ಷದವರೆಗೂ ಮುಂದೆ ಬರೋ ಕ್ಯಾಪಿಟಲ್ ಗೇನ್‌ನಿಂದ, ಅಂದ್ರೆ ಮಾರಾಟದ ಲಾಭದಿಂದ, ಕಳೀಬಹುದು. ಗಡುವು ತಪ್ಪಿದ್ರೆ ಈ ಅವಕಾಶ ಹೋಗತ್ತೆ.

ಹಾಗೆ ಬೇಸಿಗೆ ಮಳೆಗಾಲ ಎಲ್ಲಾ ಎಸ್‌ಬಿ ಖಾತೆ ದುಡ್ಡಲ್ಲೇ ಕಳೀತು. ಮಾರ್ಕೆಟ್ ನಿಧಾನಕ್ಕೆ ಎದ್ದುಕೊಳ್ತು, ಇದು ನಮ್ಮ ಅದೃಷ್ಟ, ಏಳದೇನೂ ಇರ್ಬಹುದಿತ್ತು. ಸೆಪ್ಟೆಂಬರ್ ಕೊನೆಗೆ ವರ್ಷ ತುಂಬ್ತು, ಎಕ್ಸಿಟ್ ಲೋಡ್ ಕಾಟ ಹೋಯ್ತು. ಅಕ್ಟೋಬರ್‌ನಲ್ಲಿ ಎನ್‌ಎವಿ 97, ಅದೇ 37,295 ಯೂನಿಟ್‌ಗೆ 36.18 ಲಕ್ಷ.

ಈಗ ಎಸ್‌ಟಿಪಿಯ ಆ ಇನ್ನೊಂದು ಕೆಲಸ, ಇಕ್ವಿಟಿಯಿಂದ ಲಿಕ್ವಿಡ್‌ಗೆ. ಒಟ್ಟಿಗೆ ಹಾಕೋದು ಹೇಗೆ ಒಂದೇ ದಿನದ ರೇಟಿಗೆ ಸಿಕ್ಕಿಸತ್ತೋ ಒಟ್ಟಿಗೆ ತೆಗಿಯೋದೂ ಹಾಗೇನೇ. ಮಗಳ ಮದುವೆ, ಮಗನ ಕಾಲೇಜು ಅಂತ ಎರಡು ಮೂರು ವರ್ಷದಲ್ಲಿ ದುಡ್ಡು ಬೇಕಾದೋರೂ ಇದನ್ನೇ ಮಾಡೋದು. ನಾವು ಅದೇ ಫಂಡ್ ಹೌಸ್‌ನ ಲಿಕ್ವಿಡ್ ಫಂಡ್‌ಗೆ ತಿಂಗಳಿಗೆ 50,000 ಎಸ್‌ಟಿಪಿ ಹಾಕಿದ್ವಿ, ಅಲ್ಲಿಂದ 15,000 ಎಸ್‌ಡಬ್ಲ್ಯೂಪಿ ಬ್ಯಾಂಕಿಗೆ. ತಿಂಗಳಿಗೆ 35,000 ಲಿಕ್ವಿಡ್‌ನಲ್ಲಿ ಉಳಿಯತ್ತೆ, ಹದಿನೈದು ಹದಿನಾರು ತಿಂಗಳಿಗೆ 5.4 ಲಕ್ಷ, ಅಂದ್ರೆ ಮೂರು ವರ್ಷದ ಕೊರತೆ ತುಂಬೋವಷ್ಟು. ಅಲ್ಲಿಗೆ ಎಸ್‌ಟಿಪಿನ 15,000ಕ್ಕೆ ಇಳಿಸೋದು.

ಟ್ಯಾಕ್ಸ್ ಸದ್ಯಕ್ಕೆ ಏನೂ ಇಲ್ಲ, ಕೊಂಡಿದ್ದು 100, ಮಾರ್ತಿರೋದು 97. ಎನ್‌ಎವಿ 110 ಆದ್ರೂ 50,000ದ ಕಂತಲ್ಲಿ ಲಾಭ 4,500 ಅಷ್ಟೇ, ವರ್ಷಕ್ಕೆ 55,000ನೂ ಮುಟ್ಟಲ್ಲ, 1.25 ಲಕ್ಷದ ಒಳಗೇ ಇದೆ. ಲಿಕ್ವಿಡ್ ಕಡೆಯ ಲಾಭ ಸ್ಲ್ಯಾಬ್‌ಗೆ ಸೇರಿದ್ರೂ ಮಾವನ ಆದಾಯ ಪೋಸ್ಟ್ ಆಫೀಸ್ ಬಡ್ಡಿ 2.46 ಲಕ್ಷ, ಜೊತೆಗೆ ಎಫ್‌ಡಿ, ಎಸ್‌ಬಿ ಖಾತೆಯ ಬಡ್ಡಿ ಅಷ್ಟೇ, ಹೊಸ ರೆಜೀಮ್‌ನ 4 ಲಕ್ಷದ ಮಿತಿಯೊಳಗೇ ಇರ್ತಾರೆ.

ತಾರೀಕು ಜೋಡ್ಸೋದ್ರಲ್ಲಿ ಎಚ್ಚರ ಬೇಕು. ಎಸ್‌ಟಿಪಿ 5ಕ್ಕೆ, ಎಸ್‌ಡಬ್ಲ್ಯೂಪಿ 20ಕ್ಕೆ ಇಟ್ವಿ. ಲಿಕ್ವಿಡ್ ಫಂಡ್‌ಗೆ ಬಂದ ದುಡ್ಡನ್ನ ಏಳು ದಿನದೊಳಗೆ ತೆಗೆದ್ರೆ ಸಣ್ಣದೊಂದು ಎಕ್ಸಿಟ್ ಲೋಡ್ ಇದೆ, 15,000ಕ್ಕೆ ಅದು ಒಂದು ರೂಪಾಯಿ ಆಸುಪಾಸು, ಅದಕ್ಕೆ ತಲೆ ಕೆಡಿಸ್ಕೊಳೋದು ಬೇಡ, ಆದ್ರೆ ಎಸ್‌ಟಿಪಿ ದುಡ್ಡು ಅಲ್ಲಿ ಸೇರೋ ಮುಂಚೆನೇ ಎಸ್‌ಡಬ್ಲ್ಯೂಪಿ ತಾರೀಕು ಬಂದ್ರೆ ಮೊದಲ ಕಂತು ಫೇಲ್ ಆಗತ್ತೆ.

ವರ್ಷಕ್ಕೆ 1.8 ಲಕ್ಷ, 36 ಲಕ್ಷಕ್ಕೆ 5 ಪರ್ಸೆಂಟ್. ಇದೂ ತೀರಾ ಕಮ್ಮಿ ಅಂತ ನಾನು ಹೇಳಲ್ಲ, ಬೆಲೆ ಏರ್ತಾ ಹೋದ ಹಾಗೆ ಆ 15,000 ಮೂರ್ನಾಲ್ಕು ವರ್ಷಕ್ಕೆ 18, 20 ಆಗತ್ತೆ. ಪೋಸ್ಟ್ ಆಫೀಸ್ ಸ್ಕೀಮ್ ಐದು ವರ್ಷಕ್ಕೆ ಮುಗಿಯತ್ತೆ, ಆಗ ಬಡ್ಡಿ ದರ ಎಷ್ಟಿರತ್ತೋ ಅದರ ಮೇಲೆ ಈ ಲೆಕ್ಕ ಮತ್ತೆ ಹಾಕ್ಬೇಕು.

ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಮೂರು ಕಂತು ಸರಿಯಾಗಿ ಹೋಗಿತ್ತು. ಅತ್ತೆ ಕೇಳಿದ್ರು, "ಮತ್ತೆ ಮಾರ್ಕೆಟ್ ಬಿದ್ರೆ ಏನಪ್ಪಾ ಮಾಡೋದು, ಇವರು ಗಾಬರಿ ಆಗಿ ಎಲ್ಲಾ ನಿಲ್ಸಿಬಿಟ್ರೆ?" ಅತ್ತೆ ಪಾಸ್‌ಬುಕ್ ಹಿಂದೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಇಕ್ವಿಟಿ ಫಂಡ್ 20 ಪರ್ಸೆಂಟ್‌ಗಿಂತ ಜಾಸ್ತಿ ಬಿದ್ರೆ 5ನೇ ತಾರೀಕಿನ ಎಸ್‌ಟಿಪಿ ನಿಲ್ಸೋದು, 20ನೇ ತಾರೀಕಿನ ಎಸ್‌ಡಬ್ಲ್ಯೂಪಿ ಮುಟ್ಟೋ ಹಾಗಿಲ್ಲ, ಲಿಕ್ವಿಡ್‌ನಲ್ಲಿರೋ ದುಡ್ಡನ್ನ 15,000ದಿಂದ ಭಾಗಿಸಿದ್ರೆ ಎಷ್ಟು ಬರತ್ತೋ ಅಷ್ಟು ತಿಂಗಳು ಕಾಯ್ಬಹುದು. ಆವತ್ತಿಗೆ ಅದು ಏಳು ತಿಂಗಳಿತ್ತು.